ಜೋರಾಗಿ ನಡೆಯಲು ಹೋದರೆ ಹೆಜ್ಜೆ ಉದ್ದವಾಗುತ್ತಿಲ್ಲ, ಕೈ ಬೀಸಿದ್ದಷ್ಟೇ ಬಂತು

ತುಂಗಾತೀರ · ಗೋಪಾಳ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 57 ವರ್ಷ, ಎತ್ತರ 168 ಸೆಂ.ಮೀ. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಈಗ ಎರಡು ವರ್ಷದಿಂದ ಬೆಳಗ್ಗೆ ಫ್ರೀಡಂ ಪಾರ್ಕಿನಲ್ಲಿ ನಡೆಯುತ್ತಿದ್ದೇನೆ. ಆರಾಮಾಗಿ ನಡೆದರೆ ಏನೂ ತೊಂದರೆ ಇಲ್ಲ. ವೇಗ ಜಾಸ್ತಿ ಮಾಡೋಣ ಅಂತ ಒಂದು ತಿಂಗಳಿಂದ ಕೈ ಜೋರಾಗಿ ಬೀಸಿ, ಕಾಲು ಉದ್ದಕ್ಕೆ ಹಾಕಿ ನಡೆದೆ. ಹದಿನೈದು ನಿಮಿಷಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಪಕ್ಕದ ಮಾಂಸ ಉರಿಯಲು ಶುರುವಾಗುತ್ತದೆ. ನಿಂತರೆ ಹೋಗುತ್ತದೆ.

ಮಗಳು ಪಕ್ಕದಿಂದ ವಿಡಿಯೋ ಮಾಡಿದಳು. ನೋಡಿ ನಕ್ಕಳು. "ಅಪ್ಪಾ, ನಿಮ್ಮ ಕೈ ಮಿಲಿಟರಿಯಲ್ಲಿದೆ, ಕಾಲು ಮಾತ್ರ ಮದುವೆ ಮನೆ ಊಟದ ಸಾಲಲ್ಲಿದೆ" ಅಂದಳು. ನಿಜವಾಗಿಯೂ ಹಾಗೇ ಕಾಣುತ್ತದೆ. ಕೈ ಎದೆಯ ತನಕ ಬರುತ್ತಿದೆ, ಹೆಜ್ಜೆ ಮಾತ್ರ ಅಷ್ಟೇ ಇದೆ. ಎಲ್ಲಿ ತಪ್ಪುತ್ತಿದೆ?

ಪಿಟಿ ಮೇಷ್ಟ್ರು · ತೀರ್ಥಹಳ್ಳಿ

ಸಾರ್, ನಾನು ಮೂವತ್ತೆರಡು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದವನು. ಕೈ ಹೋದ ಹಾಗೆ ಕಾಲು ಹೋಗುತ್ತದೆ. ನಿಮ್ಮ ಕೈ ಮುಂದೆ ಬರುತ್ತಿದೆ ಅಂದಿರಲ್ಲ, ಅದೇ ತಪ್ಪು. ಮೊಣಕೈ ಮಡಚಿ ಹಿಂದಕ್ಕೆ ಜೋರಾಗಿ ಎಳೆಯಿರಿ. ಕಾಲು ತಾನೇ ಓಡೋಡಿ ಬರುತ್ತದೆ. ವೇಗ ನಡಿಗೆ ಸ್ಪರ್ಧೆಯವರನ್ನು ನೋಡಿ, ಯಾರ ಕೈಯಾದರೂ ನೆಟ್ಟಗಿದೆಯಾ?

ಅಡಿಕೆ ತೋಟ · ಹೊಸನಗರ ಕಡೆ

ಕೈ ಬೀಸಿ ನಡೆಯುವ ಭಾಗ್ಯ ನಮಗೆಲ್ಲಿ ಮಾರಾಯ್ರೇ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೊಡೆ, ಹೆಗಲ ಮೇಲೆ ದೋಟಿ. ಜೂನ್‌ನಿಂದ ಅಕ್ಟೋಬರ್ ತನಕ ಇದೇ ಅವತಾರ. ಆದರೂ ಪೇಟೆಯವರಿಗಿಂತ ಬೇಗ ನಡೆಯುತ್ತೇವೆ. ಹಾಗಾಗಿ ಮೇಷ್ಟ್ರ ಮಾತು ಪೂರ್ತಿ ನಂಬಿಕೆ ಬರುತ್ತಿಲ್ಲ.

ಶಾರದಕ್ಕ · ಸಾಗರ

ಸೊಂಟದ ಸಮಸ್ಯೆ ಇರಬಹುದು ನೋಡಿ. ನನಗೂ ಇದೆ. ಬಿಸಿ ಎಣ್ಣೆ ಹಚ್ಚಿ, ಹದಿನೈದು ದಿನ ಬಗ್ಗುವ ಕೆಲಸ ಬಿಟ್ಟೆ. ಈಗ ಪರವಾಗಿಲ್ಲ.

ಕೀಲು ಕೂಲಿ · ವಿನೋಬನಗರ, ಶಿವಮೊಗ್ಗ

ನಾನು ಫಿಸಿಯೋಥೆರಪಿ ಕೆಲಸದಲ್ಲಿರುವವಳು, ಹೆಸರಿನ ತಮಾಷೆಗೆ ಕ್ಷಮಿಸಿ.

ಶಾರದಕ್ಕ, ನಿಮ್ಮದು ಬೆನ್ನಿನ ಕೆಳಭಾಗ. ನಮ್ಮಲ್ಲಿ ಅದಕ್ಕೂ ಸೊಂಟ ಅನ್ನುತ್ತೇವೆ, ತೊಡೆ ಬಂದು ಸೇರುವ ಕೀಲಿಗೂ ಸೊಂಟ ಅನ್ನುತ್ತೇವೆ. ಈ ಪ್ರಶ್ನೆಯಲ್ಲಿ ಎರಡನ್ನೂ ಬೇರೆ ಇಡದಿದ್ದರೆ ಗೊಂದಲ ಆಗುತ್ತದೆ. ನಾನು ಎರಡನೆಯದನ್ನು ತೊಡೆ ಕೀಲು ಅಂತಲೇ ಬರೆಯುತ್ತೇನೆ.

ತುಂಗಾತೀರ ಸಾರ್, ಊಹೆಗಿಂತ ಅಳತೆ ಒಳ್ಳೆಯದು. ಮನೆ ಮುಂದೆ ಸಪಾಟಾದ ರಸ್ತೆಯಲ್ಲಿ ಟೇಪಿನಿಂದ 20 ಮೀಟರ್ ಅಳೆದು ಎರಡು ತುದಿಗೂ ಸೀಮೆಸುಣ್ಣದ ಗೆರೆ ಹಾಕಿ. ಗೆರೆಗಿಂತ ಮೂರು ಮೀಟರ್ ಹಿಂದಿನಿಂದ ನಡೆಯಲು ಶುರು ಮಾಡಿ, ಆಚೆ ಗೆರೆ ದಾಟಿ ಮೂರು ಮೀಟರ್ ಆದ ಮೇಲೆ ನಿಲ್ಲಿ. ಇಲ್ಲದಿದ್ದರೆ ಹೊರಡುವಾಗಿನ, ನಿಲ್ಲುವಾಗಿನ ನಿಧಾನವೂ ಲೆಕ್ಕಕ್ಕೆ ಬರುತ್ತದೆ. ಗೆರೆಗಳ ನಡುವಿನ ಹೆಜ್ಜೆ ಎಣಿಸಿ, ಮಗಳು ಸಮಯ ನೋಡಲಿ. ಒಮ್ಮೆ ಆರಾಮಾಗಿ, ಒಮ್ಮೆ ಎಷ್ಟು ಜೋರಾಗಿ ಆಗುತ್ತೋ ಅಷ್ಟು. ಓಡಬೇಡಿ. ಮಗಳೂ ಹಾಗೇ ಎರಡು ಸಲ ನಡೆಯಲಿ, ಹೋಲಿಸಲು ಬೇಕು.

ತುಂಗಾತೀರ

ಮಾಡಿದೆವು. ಬೀದಿಯವರೆಲ್ಲ ಸೈಟ್ ಅಳೆಯುತ್ತಿದ್ದೇವೆ ಅಂದುಕೊಂಡರು.

ನಾನು ಆರಾಮಾಗಿ: 32 ಹೆಜ್ಜೆ, 17 ಸೆಕೆಂಡ್. ಜೋರಾಗಿ: 31 ಹೆಜ್ಜೆ, 13 ಸೆಕೆಂಡ್.

ಮಗಳು (24 ವರ್ಷ, 165 ಸೆಂ.ಮೀ.) ಆರಾಮಾಗಿ: 29 ಹೆಜ್ಜೆ, 16 ಸೆಕೆಂಡ್. ಜೋರಾಗಿ: 26 ಹೆಜ್ಜೆ, ಹನ್ನೆರಡೂವರೆ ಸೆಕೆಂಡ್.

ಕೀಲು ಕೂಲಿ

ಚೆನ್ನಾಗಿ ಮಾಡಿದ್ದೀರಿ. ಈಗ ನೋಡಿ.

ಆರಾಮಾಗಿ ನಡೆದಾಗ ನಿಮ್ಮ ಒಂದು ಹೆಜ್ಜೆ 62.5 ಸೆಂ.ಮೀ., ನಿಮಿಷಕ್ಕೆ 113 ಹೆಜ್ಜೆ. ವೇಗ ಗಂಟೆಗೆ ಸುಮಾರು 4.2 ಕಿ.ಮೀ. ಜೋರಾಗಿ ನಡೆದಾಗ ಹೆಜ್ಜೆ 64.5 ಸೆಂ.ಮೀ., ನಿಮಿಷಕ್ಕೆ 143. ವೇಗ 5.5 ಕಿ.ಮೀ. ಅಂದರೆ ವೇಗ ನೂರಕ್ಕೆ ಮೂವತ್ತರಷ್ಟು ಏರಿತು. ಅದು ಬಹುತೇಕ ಪೂರ್ತಿ ಬಂದದ್ದು ಹೆಜ್ಜೆ ಬೇಗ ಬೇಗ ಹಾಕಿದ್ದರಿಂದ. ಉದ್ದದಿಂದ ಬಂದದ್ದು ನೂರಕ್ಕೆ ಮೂರು ಅಷ್ಟೇ.

ಮಗಳದ್ದು ಬೇರೆ ಕತೆ. ಹೆಜ್ಜೆ 69ರಿಂದ 77 ಸೆಂ.ಮೀ.ಗೆ ಹೋಯಿತು, ನಿಮಿಷಕ್ಕೆ 109 ಇದ್ದದ್ದು 125 ಆಯಿತು. ಉದ್ದವೂ ಲಯವೂ ಹೆಚ್ಚುಕಮ್ಮಿ ಸಮಪಾಲು ಹಂಚಿಕೊಂಡಿವೆ. ತೊಂದರೆ ಇಲ್ಲದವರು ವೇಗ ಏರಿಸಿದಾಗ ಸಾಮಾನ್ಯವಾಗಿ ಆಗುವುದು ಇದೇ. ಹೆಜ್ಜೆಯ ಉದ್ದವನ್ನು ನಿಮಿಷದ ಹೆಜ್ಜೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಎಲ್ಲ ವೇಗದಲ್ಲೂ ಸುಮಾರಾಗಿ ಒಂದೇ ಇರುತ್ತದೆ. ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಿದರೆ ದೊಡ್ಡವರಲ್ಲಿ 0.65ರ ಆಸುಪಾಸು. ಮಗಳಿಗೆ 0.63 ಮತ್ತು 0.62. ನಿಮಗೆ ಆರಾಮಿನಲ್ಲಿ 0.55, ಜೋರಿನಲ್ಲಿ 0.45. ಕೈ ಎಷ್ಟು ಬೀಸಿದರೂ ಹೆಜ್ಜೆಯನ್ನು ಏನೋ ಹಿಡಿದಿಟ್ಟಿದೆ.

ಲೆಕ್ಕದ ಹುಡುಗ · ಭದ್ರಾವತಿ

ಒಂದು ಆಕ್ಷೇಪಣೆ ಮೇಡಂ. 32ಕ್ಕೂ 31ಕ್ಕೂ ಒಂದೇ ಹೆಜ್ಜೆ ವ್ಯತ್ಯಾಸ. ಗೆರೆ ಮೇಲೆ ಕಾಲು ಎಲ್ಲಿ ಬಿತ್ತು ಅನ್ನುವುದರ ಮೇಲೆ ಅಷ್ಟು ಹೆಚ್ಚುಕಡಿಮೆ ಸುಮ್ನೆ ಬರುತ್ತದೆ. ಹಾಗಾಗಿ ನೂರಕ್ಕೆ ಮೂರು ಅನ್ನುವುದು ಸೊನ್ನೆಯೂ ಇರಬಹುದು, ಆರೂ ಇರಬಹುದು. ಮೂರು ಮೂರು ಸಲ ನಡೆದು ಸರಾಸರಿ ತೆಗೆಯಬೇಕಿತ್ತು.

ಕೀಲು ಕೂಲಿ

ಸರಿ ಹೇಳಿದಿರಿ. ಒಪ್ಪಿದೆ. ಆದರೆ ಆರು ಅಂತಲೇ ಇಟ್ಟುಕೊಂಡರೂ ವೇಗದ ಸಿಂಹಪಾಲು ಲಯದಿಂದಲೇ ಬಂದಿದೆ, ತೀರ್ಮಾನ ಬದಲಾಗುವುದಿಲ್ಲ. ಮುಂದಿನ ಸಲ ಮೂರು ಸಲ ನಡೆಯಲಿ.

ಈಗ ವಿಡಿಯೋ ವಿಷಯ. ಸಾರ್, ಇನ್ನೊಮ್ಮೆ ತೆಗೆಯಿರಿ. ಫೋನು ನಿಮ್ಮ ತೊಡೆ ಕೀಲಿನ ಎತ್ತರದಲ್ಲಿರಲಿ, ನಡೆಯುವ ದಾರಿಗೆ ನೇರ ಅಡ್ಡಲಾಗಿ, ನಾಲ್ಕೈದು ಮೀಟರ್ ದೂರ. ಮಗಳು ಫೋನು ತಿರುಗಿಸುತ್ತಾ ಹಿಂಬಾಲಿಸಬಾರದು, ಸ್ಟೂಲಿನ ಮೇಲೆ ಇಟ್ಟುಬಿಡಿ. ನೀವು ಚಿತ್ರದ ನಡುವೆ ಹಾದುಹೋಗುವಾಗಿನ ಹೆಜ್ಜೆ ಮಾತ್ರ ನಂಬಬೇಕು, ಅಂಚಿನಲ್ಲಿ ಕೋನ ಸುಳ್ಳು ಹೇಳುತ್ತದೆ. ಸ್ಲೋ ಮೋಷನ್ ಹಾಕಿ. ಮುಂದಿನ ಕಾಲಿನ ಹಿಮ್ಮಡಿ ನೆಲ ಮುಟ್ಟುವ ಕ್ಷಣದಲ್ಲಿ ನಿಲ್ಲಿಸಿ, ಹಿಂದಿನ ಕಾಲಿನ ತೊಡೆ ನೋಡಿ. ತೊಡೆ ಕೀಲಿನ ಪಕ್ಕದ ಉಬ್ಬಿನಿಂದ ಮೊಣಕಾಲಿಗೆ ಒಂದು ಗೆರೆ ಎಳೆಯಿರಿ. ತೂಗುಗುಂಡಿನ ಗೆರೆಗಿಂತ ಅದು ಎಷ್ಟು ಹಿಂದಕ್ಕೆ ವಾಲಿದೆ?

ಪಿಟಿ ಮೇಷ್ಟ್ರು

ಇಷ್ಟೆಲ್ಲ ಯಾಕೆ ಮೇಡಂ. ಕೈ ಎಳೆಯಿರಿ ಅಂದೆ, ಅಷ್ಟೇ. ನಮ್ಮ ಕಾಲದಲ್ಲಿ ಸೀಟಿ ಊದಿದರೆ ಸಾಕಿತ್ತು.

ಕೀಲು ಕೂಲಿ

ಮೇಷ್ಟ್ರೇ, ನೀವು ಅರ್ಧ ಸರಿ. ಆ ಅರ್ಧ ಯಾವುದು ಅಂತ ಹೇಳುತ್ತೇನೆ.

ಎದುರು ಕೈ ಎದುರು ಕಾಲಿನ ಜೊತೆ ಹೋಗುತ್ತದೆ, ಎರಡರ ಲಯ ಕಟ್ಟಿ ಹಾಕಿದ ಹಾಗೆ. ಹಾಗಾಗಿ ಕೈಯನ್ನು ಬೇಗ ಬೇಗ ಬೀಸಿದರೆ ಕಾಲಿನ ಲಯ ಏರುತ್ತದೆ. ನಿಮ್ಮ ಸೀಟಿಯೂ ಅದನ್ನೇ ಮಾಡುತ್ತಿತ್ತು. ಆದರೆ ತುಂಗಾತೀರ ಅವರಿಗೆ ಲಯದ ಕೊರತೆಯೇ ಇಲ್ಲ, 143 ಅಂದರೆ ಆಗಲೇ ಜಾಸ್ತಿ. ಮೊಣಕೈ ಮಡಚಿದರೆ ಲೋಲಕ ಗಿಡ್ಡವಾಗುತ್ತದೆ, ಇನ್ನೂ ಬೇಗ ಆಡುತ್ತದೆ. ಸ್ಪರ್ಧೆಯವರು ನಿಮಿಷಕ್ಕೆ ತುಂಬಾ ಹೆಜ್ಜೆ ಹಾಕುತ್ತಾರೆ, ಅವರಿಗೆ ಅದು ಬೇಕು. ಪಾರ್ಕಿನ ವೇಗಕ್ಕೆ ಮಡಚಿದ ಕೈ ಹಿಡಿದಿಡುವುದೇ ಒಂದು ಹೆಚ್ಚುವರಿ ದುಡಿಮೆ.

ಕೈ ಕಾಲನ್ನು ಎಳೆದುಕೊಂಡು ಹೋಗುವುದಿಲ್ಲ. ಕಾಲು ಮುಂದೆ ಬಂದಾಗ ಮೈ ಒಂದು ಕಡೆ ತಿರುಗಲು ಹೋಗುತ್ತದೆ, ಎದುರು ಕೈ ಅದನ್ನು ಸರಿದೂಗಿಸುತ್ತದೆ. ಭುಜ ಸಡಿಲ ಬಿಟ್ಟರೆ ಕೈ ಬಹುಮಟ್ಟಿಗೆ ತಾನೇ ಆಡುತ್ತದೆ. ಭುಜದ ಸ್ನಾಯು ಸ್ವಲ್ಪ ಸಹಾಯ ಮಾಡುತ್ತದೆ, ಇಲ್ಲವೆನ್ನಲಾರೆ. ಅಮೆರಿಕದ ಸ್ಟೀವನ್ ಕಾಲಿನ್ಸ್ ಮತ್ತು ಜೊತೆಯವರು 2009ರಲ್ಲಿ ಇದನ್ನು ಅಳೆದು ನೋಡಿದರು. ಕೈ ಆಡದಂತೆ ತಾವೇ ಹಿಡಿದುಕೊಂಡು ನಡೆದವರಿಗೆ ಶಕ್ತಿ ನೂರಕ್ಕೆ ಸುಮಾರು 12 ಜಾಸ್ತಿ ಬೇಕಾಯಿತು. ಬಲಗಾಲಿನ ಜೊತೆ ಬಲಗೈ ಬರುವಂತೆ ಉಲ್ಟಾ ಬೀಸಿದರೆ 26. ಅಡಿಕೆ ತೋಟದವರೇ, ನಿಮ್ಮ ಕತ್ತಿ, ಕೊಡೆ, ದೋಟಿಯ ಬಾಬ್ತು ಇಲ್ಲಿದೆ. ಕೈ ಇಲ್ಲದೆ ನಡೆಯಲು ಆಗುತ್ತದೆ, ಬೆಲೆ ಕೊಡಬೇಕು ಅಷ್ಟೇ.

ಅಡಿಕೆ ತೋಟ

ಓಹೋ. ಹಾಗಾದರೆ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ಬರುವ ಹೆಂಗಸರನ್ನು ನೋಡಿದ್ದೀರಾ? ಒಂದು ಕೈ ಹೊರೆ ಹಿಡಿದಿರುತ್ತದೆ. ಮೇಲಿನ ಮೈ ಅಲ್ಲಾಡುವುದೇ ಇಲ್ಲ. ಹೆಜ್ಜೆ ಗಿಡ್ಡ, ಆದರೆ ಪಟಪಟ. ನಾನು ಅದು ಜಾರುವ ದಾರಿಗೆ ಅಂದುಕೊಂಡಿದ್ದೆ. ಡಾಂಬರು ರಸ್ತೆಗೆ ಬಂದ ಮೇಲೂ ಹಾಗೇ ನಡೆಯುತ್ತಾರೆ ಅನ್ನುವುದು ಈಗ ಹೊಳೆಯಿತು.

ಕೀಲು ಕೂಲಿ

ಒಳ್ಳೆಯ ಗಮನ. ಉದ್ದ ಹೆಜ್ಜೆಗೆ ಸೊಂಟದ ಪಟ್ಟಿ ಮೂಳೆಯೂ ಪ್ರತಿ ಹೆಜ್ಜೆಗೆ ಸ್ವಲ್ಪ ತಿರುಗಬೇಕು. ವೇಗ ಏರಿದ ಹಾಗೆ ಆ ತಿರುಗು ಸಾಮಾನ್ಯವಾಗಿ ಜಾಸ್ತಿ. ಹೊರೆ ಇದ್ದಾಗ ಮೇಲಿನ ಮೈ ತಿರುಗಬಾರದು, ಸರಿದೂಗಿಸಲು ಕೈ ಇಲ್ಲ. ಆಗ ತಿರುಗು ಬರದಂತೆ ಹೆಜ್ಜೆ ಗಿಡ್ಡ ಮಾಡಿ, ಲಯ ಏರಿಸುವುದೇ ದಾರಿ. ಬೆನ್ನಿಗೆ ಭಾರದ ಚೀಲ ಹಾಕಿದವರಲ್ಲೂ ಇದೇ ಕಾಣುತ್ತದೆ.

ಇನ್ನೊಂದು ತಮಾಷೆ. ದೇವಸ್ಥಾನದಲ್ಲಿ ಜನ ತುಂಬಿರುವಾಗ ಪ್ರದಕ್ಷಿಣೆ ಹಾಕುವವರ ಕೈ ನೋಡಿ. ಗಂಟೆಗೆ ಮೂರು ಕಿ.ಮೀ.ಗಿಂತ ಕೆಳಗೆ ಇಳಿದರೆ ಎಷ್ಟೋ ಜನರ ಕೈ ಎದುರುಬದುರು ಆಡುವುದನ್ನು ಬಿಡುತ್ತದೆ. ಪ್ರತಿ ಹೆಜ್ಜೆಗೂ ಎರಡೂ ಕೈ ಒಟ್ಟಿಗೆ ಸ್ವಲ್ಪ ಮುಂದೆ ಬಂದು ಹೋಗುತ್ತವೆ. ಕೈಯ ಲೋಲಕಕ್ಕೆ ತನ್ನದೇ ಲಯ ಇದೆ, ಅಷ್ಟು ನಿಧಾನದ ಕಾಲಿನ ಜೊತೆ ಅದು ಹೊಂದುವುದಿಲ್ಲ. ಕೈ ಕಾಲಿಗೆ ಯಜಮಾನ ಆಗಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ ಮೇಷ್ಟ್ರೇ?

ಪಿಟಿ ಮೇಷ್ಟ್ರು

ಸಂಜೆ ರಾಮೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ನೋಡಿದೆ. ಎರಡು ಕೈಯೂ ಒಟ್ಟಿಗೆ ಬರುತ್ತಿತ್ತು, ನಾಲ್ಕೈದು ಜನರದ್ದು. ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಆದರೂ ಕೈ ವಿಷಯದಲ್ಲಿ ನಾನು ಸೋಲು ಒಪ್ಪಿಲ್ಲ.

ಮಳೆಹುಳ · ಆಗುಂಬೆ ರಸ್ತೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೈ ಬೀಸುವ ಮಾತು ಬಂತಲ್ಲ. ನಮ್ಮ ಅಪ್ಪಯ್ಯನಿಗೆ 67. ವರ್ಷದಿಂದ ಎಡಗೈ ಬೀಸುವುದೇ ಇಲ್ಲ, ಮೈಗೆ ಅಂಟಿಕೊಂಡಿರುತ್ತದೆ. ಬಲಗೈ ಸರಿ ಇದೆ. ಭುಜ ಹಿಡಿದಿದೆ ಅಂತ ಒಬ್ಬ ವೈದ್ಯರು ಆರು ತಿಂಗಳು ಕರೆಂಟು ಶಾಖ ಕೊಡಿಸಿದರು. ಏನೂ ಬದಲಾಗಲಿಲ್ಲ. ಅವರಿಗೂ ತೊಡೆ ಕೀಲು ಬಿಗಿ ಇರಬಹುದಾ?

ಕೀಲು ಕೂಲಿ

ಇದು ತುಂಗಾತೀರ ಅವರ ಪ್ರಶ್ನೆಗಿಂತ ಬೇರೆ. ಎರಡೂ ಕೈ ಕಡಿಮೆ ಬೀಸುವುದು ಒಂದು, ಒಂದೇ ಕೈ ನಿಂತುಹೋಗುವುದು ಇನ್ನೊಂದು. ಭುಜದ ನೋವಿಗೂ ಹಾಗಾಗುತ್ತದೆ, ಹಳೆ ಪೆಟ್ಟಿಗೂ ಆಗುತ್ತದೆ. ಆದರೆ ಪಾರ್ಕಿನ್ಸನ್ಸ್‌ನ ಶುರುವಿನಲ್ಲಿ ಕೂಡ ಒಂದೇ ಕೈ ಬೀಸುವುದು ಕಡಿಮೆಯಾಗುತ್ತದೆ. ಭುಜ ಬಿಗಿಯೂ ಜೊತೆಗೆ ಬರುವುದರಿಂದ ಎಷ್ಟೋ ಸಲ ಭುಜದ ಕಾಯಿಲೆ ಅಂತಲೇ ದಾರಿ ತಪ್ಪುತ್ತದೆ.

ಅಪ್ಪಯ್ಯನ ಅಕ್ಷರ ಈಚೆಗೆ ಚಿಕ್ಕದಾಗಿದೆಯಾ? ಆ ಕೈಯಲ್ಲಿ ಅಂಗಿ ಗುಂಡಿ ಹಾಕುವುದು ನಿಧಾನವಾ? ಸುಮ್ಮನೆ ಕೂತಾಗ ಆ ಕೈ ನಡುಗುತ್ತದಾ? ವಾಸನೆ ತಿಳಿಯುವುದು ಕಡಿಮೆಯಾಗಿದೆಯಾ? ಇದರಲ್ಲಿ ಒಂದೆರಡು ಹೌದು ಆದರೂ ನರರೋಗ ತಜ್ಞರಿಗೆ ತೋರಿಸಿ. ಒಂದೂ ಇಲ್ಲದಿದ್ದರೂ ಒಂದು ವರ್ಷದಿಂದ ಇದೆ ಅಂದರೆ ತೋರಿಸುವುದೇ ಸರಿ. ಇಲ್ಲಿ ಬರೆದದ್ದನ್ನು ನೋಡಿ ಯಾರೂ ಕಾಯಿಲೆಯ ಹೆಸರು ಇಡಬೇಡಿ, ನಾನೂ ಇಡುತ್ತಿಲ್ಲ.

ಮಳೆಹುಳ

ಅಕ್ಷರ ಚಿಕ್ಕದಾಗಿದೆ. ಅಡಿಕೆ ಲೆಕ್ಕದ ಪುಸ್ತಕ ತೆಗೆದು ಹೋದ ವರ್ಷದ್ದು, ಈ ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿದೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ. ಥ್ಯಾಂಕ್ಸ್ ಅಕ್ಕ.

ತುಂಗಾತೀರ

ವಿಡಿಯೋ ಆಯಿತು. ಮಗಳು ಪರದೆ ಮೇಲೆ ಗೆರೆ ಎಳೆದು ಅಳೆದಳು. ಜೋರಾಗಿ ನಡೆಯುವಾಗ ನನ್ನ ಬಲತೊಡೆ ಹಿಂದಕ್ಕೆ 8 ಡಿಗ್ರಿ, ಎಡ 9. ಅವಳದ್ದು 21. ಇನ್ನೊಂದು ನೋಡಿದೆವು. ನನ್ನ ಮುಂದಿನ ಪಾದ ಮೈಗಿಂತ ತುಂಬಾ ಮುಂದೆ ಬೀಳುತ್ತಿದೆ, ಹಿಮ್ಮಡಿ ಟಪ್ ಅನ್ನುತ್ತದೆ. ಬೆನ್ನು ಬೇರೆ ಒಳಗೆ ಬಾಗಿ ಹೊಟ್ಟೆ ಮುಂದೆ ಬಂದಿದೆ. ಹೊಟ್ಟೆ ಮೊದಲೂ ಮುಂದೆಯೇ ಇತ್ತು ಅನ್ನಿ.

ಕೀಲು ಕೂಲಿ

ಇದೇ ಹುಡುಕುತ್ತಿದ್ದದ್ದು.

ಹೆಜ್ಜೆ ಉದ್ದವಾಗಲು ಎರಡು ಬಾಗಿಲು. ಒಂದು ಮುಂದೆ, ಒಂದು ಹಿಂದೆ. ಹಿಂದಿನ ಬಾಗಿಲು ಅಂದರೆ ನೆಲದ ಮೇಲಿರುವ ಕಾಲು ಮೈಯ ಹಿಂದಕ್ಕೆ ಎಷ್ಟು ಹೋಗುತ್ತದೆ ಅನ್ನುವುದು. ಚೆನ್ನಾಗಿ ನಡೆಯುವವರಲ್ಲಿ ತೊಡೆ ತೂಗುಗುಂಡಿನ ಗೆರೆಗಿಂತ ಸುಮಾರು 20 ಡಿಗ್ರಿ ಹಿಂದೆ ಹೋಗುತ್ತದೆ. ಅದರಲ್ಲಿ ಅರ್ಧದಷ್ಟು ತೊಡೆ ಕೀಲಿನಲ್ಲಿ, ಉಳಿದದ್ದು ಸೊಂಟದ ಪಟ್ಟಿ ಮೂಳೆ ವಾಲಿ ತಿರುಗುವುದರಿಂದ. ವೇಗ ಏರಿದರೆ ಅದು ಇನ್ನೂ ಜಾಸ್ತಿಯಾಗಬೇಕು. ಆಗ ಮೀನಖಂಡ ಹಿಂದಿನಿಂದ ಮೈಯನ್ನು ಮುಂದಕ್ಕೆ ದೂಡುತ್ತದೆ. ಕಾಲು ಹಿಂದೆ ಇದ್ದರೆ ತಾನೇ ದೂಡಿದ್ದು ಮುಂದಕ್ಕೆ ಹೋಗುವುದು. ಕಾಲು ಮೈಯ ಕೆಳಗೇ ಇದ್ದರೆ ಅದೇ ದೂಡು ಮೇಲಕ್ಕೆ ಹೋಗುತ್ತದೆ.

ನಿಮ್ಮ ಹಿಂದಿನ ಬಾಗಿಲು ಅರೆ ಮುಚ್ಚಿದೆ. ಉದ್ದ ಹೆಜ್ಜೆ ಹಾಕಬೇಕು ಅಂತ ಮನಸ್ಸು ಮಾಡಿದಾಗ ಮೈ ಮುಂದಿನ ಬಾಗಿಲಿನಿಂದ ನುಗ್ಗಿತು. ಪಾದ ದೂರ ಬಿದ್ದಷ್ಟೂ ಅದು ಬ್ರೇಕು. ಹಿಮ್ಮಡಿ ಬಿದ್ದ ಮೇಲೆ ಪಾದವನ್ನು ಮೆಲ್ಲಗೆ ಇಳಿಸುವುದು ಮೊಣಕಾಲ ಕೆಳಗಿನ ಮುಂದಿನ ಸ್ನಾಯು. ಒಂದೊಂದು ಕಾಲಿಗೂ ನಿಮಿಷಕ್ಕೆ 71 ಸಲ ಟಪ್ ಅಂದರೆ ಅದಕ್ಕೆ ಉರಿ ಬರದೆ ಇನ್ನೇನು. ಬೆನ್ನು ಬಾಗುವುದೂ ಇದರದ್ದೇ ಬಾಲ. ಕೀಲು ಕೊಡದ ಡಿಗ್ರಿಯನ್ನು ಬೆನ್ನಿನಿಂದ ಸಾಲ ತರುತ್ತಿದ್ದೀರಿ.

ಇದು ನಿಮ್ಮೊಬ್ಬರದೇ ಅಲ್ಲ. 1998ರಲ್ಲಿ ಕೆರಿಗನ್ ಎನ್ನುವವರ ತಂಡ ಆರೋಗ್ಯವಾಗಿರುವ ವಯಸ್ಸಾದವರನ್ನೂ ಯುವಕರನ್ನೂ ಹೋಲಿಸಿತ್ತು. ವಯಸ್ಸಾದವರಿಗೆ ಜೋರಾಗಿ ನಡೆಯಿರಿ ಅಂದರೂ ತೊಡೆ ಕೀಲು ಹಿಂದಕ್ಕೆ ಹೋಗುವುದು ಕಡಿಮೆಯೇ ಉಳಿಯಿತು. ಅಂದರೆ ಅದು ಬರೀ ನಿಧಾನವಾಗಿ ನಡೆಯುವುದರ ಪರಿಣಾಮ ಅಲ್ಲ.

ಲೆಕ್ಕದ ಹುಡುಗ

ಕೀಲು ಬಿಗಿ ಅಂತ ಹೇಗೆ ಗೊತ್ತು? ಕೀಲು ಸರಿ ಇದ್ದೂ ಬಳಸದೆ ಇರಬಹುದಲ್ವಾ?

ಕೀಲು ಕೂಲಿ

ಅದನ್ನು ಮಲಗಿ ನೋಡಬೇಕು. ಸಾರ್, ಮಂಚದ ಮೇಲೆ ಅಂಗಾತ ಮಲಗಿ. ತೊಡೆಯ ಅರ್ಧ ಭಾಗ ಮಂಚದಿಂದ ಹೊರಗೆ ಬರುವ ಹಾಗೆ ತುದಿಗೆ ಸರಿಯಿರಿ. ಒಂದು ಮೊಣಕಾಲನ್ನು ಎರಡೂ ಕೈಯಿಂದ ಎದೆಗೆ ಅಪ್ಪಿಕೊಳ್ಳಿ, ಬೆನ್ನು ಮಂಚಕ್ಕೆ ಅಂಟುವಷ್ಟು. ಇನ್ನೊಂದು ಕಾಲನ್ನು ಸಡಿಲ ಬಿಡಿ. ಆ ತೊಡೆ ಮಂಚಕ್ಕೆ ಮುಟ್ಟಿದ್ದರೆ ಮುಂದಿನ ಸ್ನಾಯು ಬಿಗಿ ಇಲ್ಲ. ಮೇಲೆದ್ದರೆ ಬಿಗಿ. ಬೆನ್ನು ಎದ್ದರೆ ಪರೀಕ್ಷೆ ಕೆಟ್ಟಿತು ಅಂತ ಅರ್ಥ, ಮಗಳು ಬೆನ್ನ ಕೆಳಗೆ ಕೈ ಇಟ್ಟು ನೋಡಲಿ.

ತುಂಗಾತೀರ

ಬಲತೊಡೆ ಮಂಚದಿಂದ ನಾಲ್ಕು ಬೆರಳು ಎದ್ದಿದೆ. ಎಡತೊಡೆ ಮುಟ್ಟಿದೆ.

ಲೆಕ್ಕದ ಹುಡುಗ

ನೋಡಿ, ಸಿಕ್ಕಿತು. ಎಡ ಕೀಲು ಬಿಗಿ ಇಲ್ಲ. ಆದರೂ ನಡೆಯುವಾಗ ಎಡತೊಡೆಯೂ 9 ಡಿಗ್ರಿಗೆ ನಿಂತಿದೆ. ಬಿಗಿ ಸ್ನಾಯುವಿನಿಂದ ಪೂರ್ತಿ ಉತ್ತರ ಬರುತ್ತಿಲ್ಲ.

ಕೀಲು ಕೂಲಿ

ಬರುತ್ತಿಲ್ಲ, ನಿಜ. ಬಲಗಡೆ ಗಿಡ್ಡ ಆದದ್ದಕ್ಕೆ ಎಡವೂ ತಾಳ ಹಾಕುತ್ತಿರಬಹುದು, ಎರಡೂ ಹೆಜ್ಜೆ ಸಮ ಇರಲಿ ಅಂತ. ಮೀನಖಂಡದ ಬಲ ಕಡಿಮೆ ಇದ್ದರೂ ಕಾಲನ್ನು ಬೇಗ ಎತ್ತಿಬಿಡುತ್ತೇವೆ. ಒಂಟಿ ಕಾಲಿನ ಮೇಲೆ ತುಂಬಾ ಹೊತ್ತು ನಿಲ್ಲಲು ಒಳಗೊಳಗೆ ಹೆದರಿಕೆ ಇದ್ದರೂ ಹಾಗೇ. ಮೂವತ್ತು ವರ್ಷದ ಕುರ್ಚಿಯ ರೂಢಿಯೂ ಇರಬಹುದು. ದೂರದಿಂದ ಇವನ್ನು ಬಿಡಿಸಲು ನನಗೆ ಆಗುವುದಿಲ್ಲ.

ಮಾಡಬೇಕಾದ್ದು ಹೀಗೆ. ಬಲ ಮೊಣಕಾಲು ಚಾಪೆ ಮೇಲೆ ಊರಿ, ಎಡಗಾಲು ಮುಂದಿಟ್ಟು, ಹೊಟ್ಟೆ ಬಿಗಿ ಮಾಡಿ, ಬೆನ್ನು ಬಾಗಿಸದೆ ಮೆಲ್ಲಗೆ ಮುಂದಕ್ಕೆ ಸರಿಯಿರಿ. ಬಲತೊಡೆಯ ಸಂದಿನಲ್ಲಿ ಎಳೆತ ಗೊತ್ತಾಗಬೇಕು. ಅರ್ಧ ನಿಮಿಷ, ಮೂರು ಸಲ, ದಿನಾ. ಬೆನ್ನು ಬಾಗಿತು ಅಂದರೆ ಎಳೆತ ಅಲ್ಲಿಗೆ ಹೋಯಿತು, ಉಪಯೋಗವಿಲ್ಲ. ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು, ಹದಿನೈದು, ಎರಡು ಸಲ. ನಡೆಯುವಾಗ ಮುಂದಿನ ಕಾಲನ್ನು ಮರೆತುಬಿಡಿ. ಹಿಂದಿನ ಹೆಬ್ಬೆರಳು ಕೊನೆಗೆ ನೆಲ ಬಿಡಲಿ ಅಂತ ಮಾತ್ರ ಮನಸ್ಸಿನಲ್ಲಿರಲಿ. ಕೈ ಸಡಿಲ. ಆರು ವಾರ ಬಿಟ್ಟು ಅಳೆಯಿರಿ.

ಬೆಟ್ಟದ ಜೀವಿ · ನಿಟ್ಟೂರು

ಇದಕ್ಕೆಲ್ಲ ಚಾಪೆ ಯಾಕೆ. ವಾರಕ್ಕೊಮ್ಮೆ ಕೊಡಚಾದ್ರಿ ಹತ್ತಿ ಇಳಿದರೆ ಕೀಲು ತಾನೇ ಬಿಡುತ್ತದೆ.

ಕೀಲು ಕೂಲಿ

ಹತ್ತಿ, ಒಳ್ಳೆಯದೇ. ಆದರೆ ಏರಿನಲ್ಲಿ ಮೈ ಮುಂದೆ ಬಾಗುತ್ತದೆ, ತೊಡೆ ಮಡಚಿ ಮೇಲೆ ಬರುತ್ತದೆ. ತೊಡೆ ಕೀಲಿಗೆ ಕೆಲಸ ಜೋರಾಗಿಯೇ ಬೀಳುತ್ತದೆ, ಹಿಂದಕ್ಕೆ ಚಾಚುವ ಕೊನೆಯ ಆ ಡಿಗ್ರಿಗಳು ಮಾತ್ರ ಅಲ್ಲಿ ಸಿಗುವುದು ಕಡಿಮೆ. ಇಳಿಜಾರಿನಲ್ಲಿ ಹೆಜ್ಜೆ ಹೇಗೂ ಗಿಡ್ಡ. ಸಾರ್‌ಗೆ ಬೇಕಾದದ್ದು ಸಪಾಟು ರಸ್ತೆ.

ತುಂಗಾತೀರ · ಏಳು ವಾರದ ನಂತರ

ಆರು ವಾರ ಅಂದಿದ್ದಿರಿ, ನಡುವೆ ಒಂದು ವಾರ ನಾದಿನಿ ಮದುವೆ. ಈ ಸಲ ಮೂರು ಮೂರು ಸಲ ನಡೆದು ಸರಾಸರಿ ತೆಗೆದೆವು. ಜೋರಾಗಿ: 28 ಹೆಜ್ಜೆ, 13.2 ಸೆಕೆಂಡ್. ಮೂರು ಸಲವೂ 28. ತೊಡೆ ಹಿಂದಕ್ಕೆ ಬಲ 13, ಎಡ 14.

ಉರಿ ಹೋಗಿದೆ, ನಲವತ್ತು ನಿಮಿಷ ನಡೆದರೂ ಇಲ್ಲ. ಆದರೆ ವೇಗ ನೋಡಿದರೆ ಮೊದಲಿನಷ್ಟೇ. ಸ್ವಲ್ಪ ಕಡಿಮೆಯೇ.

ಕೀಲು ಕೂಲಿ

ವೇಗ ಗಂಟೆಗೆ 5.45 ಕಿ.ಮೀ. ಮೊದಲು 5.5. ವ್ಯತ್ಯಾಸ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅದೇ ವೇಗ ಬರುತ್ತಿರುವ ದಾರಿ ಬದಲಾಗಿದೆ. ಹೆಜ್ಜೆ 64.5ರಿಂದ 71 ಸೆಂ.ಮೀ. ದಾಟಿದೆ, ನಿಮಿಷಕ್ಕೆ 143 ಇದ್ದದ್ದು 127ಕ್ಕೆ ಇಳಿದಿದೆ. ಆಗ ಲಯ ಏರಿಸಲು ಜಾಗವೇ ಇರಲಿಲ್ಲ, ಈಗ ಇದೆ. ಭಾಗಿಸಿದ ಸಂಖ್ಯೆ 0.45ರಿಂದ 0.56 ಆಗಿದೆ, ಮಗಳ ಹತ್ತಿರಕ್ಕೆ ಇನ್ನೂ ಬಂದಿಲ್ಲ.

ಲೆಕ್ಕದ ಹುಡುಗ

ಎಳೆತದಿಂದ ಬಂತಾ, ಹೆಬ್ಬೆರಳಿನ ಉಪಾಯದಿಂದ ಬಂತಾ?

ಕೀಲು ಕೂಲಿ

ಎರಡೂ ಒಟ್ಟಿಗೆ ಮಾಡಿಸಿ ಕೆಡಿಸಿದ್ದು ನಾನೇ. ಬಿಗಿ ಇಲ್ಲದ ಎಡಗಡೆಯೂ 5 ಡಿಗ್ರಿ ಏರಿದೆ, ಬಲಗಡೆಯೂ 5. ಅದನ್ನು ನೋಡಿದರೆ ನನಗೆ ಹೆಬ್ಬೆರಳಿನ ಮೇಲೆ ಅನುಮಾನ. ಪರದೆ ಮೇಲೆ ಗೆರೆ ಎಳೆದು ಅಳೆದರೆ ಎರಡು ಮೂರು ಡಿಗ್ರಿ ತಪ್ಪು ಬರುವುದು ಸಹಜ, ಅದನ್ನೂ ಮರೆಯಬೇಡಿ. ಸಾರ್, ಮಂಚದ ಪರೀಕ್ಷೆ ಮತ್ತೆ ಮಾಡಿದಿರಾ?

ತುಂಗಾತೀರ

ಬಲತೊಡೆ ಈಗ ಮೂರು ಬೆರಳು. ಮಗಳ ಬೆರಳು ಸಣ್ಣದು, ಹಾಗಾಗಿ ಎಷ್ಟು ಅಂತ ಹೇಳುವುದು ಕಷ್ಟ.

ಮಳೆಹುಳ

ಅಪ್ಪಯ್ಯನಿಗೆ ಔಷಧಿ ಶುರುವಾಗಿದೆ. ಅಲ್ಲಿಯ ಫಿಸಿಯೋದವರು ಕೈ ದೊಡ್ಡದಾಗಿ ಬೀಸಿ ನಡೆಯಿರಿ ಅಂತ ಹೇಳಿಕೊಟ್ಟಿದ್ದಾರೆ. ಹಾಗೆ ಮಾಡಿದಾಗ ಹೆಜ್ಜೆ ನಿಜವಾಗಿಯೂ ಉದ್ದ ಬರುತ್ತಿದೆ. ಇದು ಮೇಷ್ಟ್ರ ಪರ ಆಗಲಿಲ್ವಾ?

ಕೀಲು ಕೂಲಿ

ಆಯಿತು. ಪಾರ್ಕಿನ್ಸನ್ಸ್ ಇರುವವರಲ್ಲಿ ಕೈ ಬೀಸಿ ಅಂದರೆ ಹೆಜ್ಜೆ ಉದ್ದವಾಗುತ್ತದೆ, ಅದನ್ನು ಅಳೆದೂ ನೋಡಿದ್ದಾರೆ. ಅಲ್ಲಿ ತಡೆ ಕೀಲಿನಲ್ಲಿಲ್ಲ, ಚಲನೆ ತಾನಾಗಿಯೇ ಚಿಕ್ಕದಾಗುತ್ತಾ ಹೋಗುವುದರಲ್ಲಿದೆ. ದೊಡ್ಡದಾಗಿ ಮಾಡಿ ಅಂತ ಗಮನ ಕೊಟ್ಟರೆ ಕಾಲೂ ಜೊತೆಗೆ ದೊಡ್ಡದಾಗುತ್ತದೆ. ಮೇಷ್ಟ್ರೇ, ಈ ಸುತ್ತು ನಿಮ್ಮದು.

ಪಿಟಿ ಮೇಷ್ಟ್ರು

ನಾನು ಹೇಳಿರಲಿಲ್ವಾ! ಇನ್ನೊಂದು ವಿಷಯ. ನನಗೆ 71. ಇವತ್ತು ಮೊಮ್ಮಗನ ಕೈಲಿ ಟೇಪು ಹಿಡಿಸಿ 20 ಮೀಟರ್ ನಡೆದೆ, ಮೊಣಕೈ ಮಡಚಿ. 24 ಹೆಜ್ಜೆ, 11 ಸೆಕೆಂಡ್.

ಲೆಕ್ಕದ ಹುಡುಗ

ಮೇಷ್ಟ್ರೇ, ಅದು 83 ಸೆಂ.ಮೀ. ಹೆಜ್ಜೆ, ಗಂಟೆಗೆ ಆರೂವರೆ ಕಿ.ಮೀ. ಮೂರು ಮೀಟರ್ ಹಿಂದಿನಿಂದ ಶುರು ಮಾಡಿದಿರಾ?

ಕೀಲು ಕೂಲಿ

ವಿಡಿಯೋ ಹಾಕಿ ಮೇಷ್ಟ್ರೇ. ಪಕ್ಕದಿಂದ, ಸ್ಟೂಲಿನ ಮೇಲಿಟ್ಟು.

ಪಿಟಿ ಮೇಷ್ಟ್ರು

ಮಳೆ ಬಂತು. ನಾಳೆ ನೋಡೋಣ.